ಬೀಡಿ ಬಿಟ್ಟ ವಾರ ಮಾತ್ರೆ ಜೋರಾಗುವುದೇಕೆ?

ನವೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಮ್ಮ ಊರುಗಳಲ್ಲಿ ಅಯ್ಯಪ್ಪ ಮಾಲೆ ಹಾಕುವವರು ಬೀಡಿ, ಸಿಗರೇಟು, ಮದ್ಯ, ಮಾಂಸಗಳನ್ನು ಒಂದೇ ದಿನ ಬಿಡುತ್ತಾರೆ. ಅವರಲ್ಲಿ ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ಅಥವಾ ಓಲಾನ್ಜಪಿನ್ ಮಾತ್ರೆ ನುಂಗುತ್ತಿರುವವರೂ ಇರುತ್ತಾರೆ. ಅವರು ಬಿಟ್ಟದ್ದು ಬೀಡಿ ಮಾತ್ರ, ಮಾತ್ರೆಯಲ್ಲಿ ಒಂದು ಚೂರೂ ಹೆಚ್ಚುಕಡಿಮೆ ಆಗಿಲ್ಲ. ಆದರೂ ವಾರದೊಳಗೆ ರಕ್ತದಲ್ಲಿ ಕ್ಲೋಜಪಿನ್ ಪ್ರಮಾಣ ಮೊದಲಿದ್ದದ್ದರ ಒಂದೂವರೆ ಪಟ್ಟು ಆಗಬಹುದು. ಕೆಲವರಲ್ಲಿ ಎರಡು ಪಟ್ಟನ್ನೂ ದಾಟುತ್ತದೆ. ವ್ರತ ಮುಗಿದು ಮಾಲೆ ತೆಗೆದು ಮತ್ತೆ ಬೀಡಿ ಹಚ್ಚಿದರೆ, ಅದೇ ಮಾತ್ರೆಯ ಪ್ರಮಾಣ ರಕ್ತದಲ್ಲಿ ಸದ್ದಿಲ್ಲದೆ ಕುಸಿಯುತ್ತದೆ.

ಮಾಲೆಯ ಉದಾಹರಣೆ ಕೊಟ್ಟದ್ದಕ್ಕೆ ಕಾರಣವಿದೆ. ಇಲ್ಲಿ ಬಿಡುವ ದಿನವೂ ಗೊತ್ತು, ಮತ್ತೆ ಶುರುವಾಗಬಹುದಾದ ದಿನವೂ ಗೊತ್ತು. ಹಾಗಾಗಿ ಮುಂಚಿತವಾಗಿ ಲೆಕ್ಕ ಹಾಕಿ ನಡೆಯಲು ಸಾಧ್ಯ. ಆಸ್ಪತ್ರೆ ಸೇರಿದಾಗ, ಕೆಮ್ಮು ಬಂದು ಬೀಡಿ ಬೇಡವಾದಾಗ, ಜೈಲಿಗೆ ಹೋದಾಗ ಆಗುವುದೂ ಇದೇ, ಆದರೆ ಅಲ್ಲಿ ದಿನಾಂಕ ಯಾರ ಕೈಯಲ್ಲೂ ಇರುವುದಿಲ್ಲ.

ಹೊಗೆ ಮಾಡುವ ಕೆಲಸ

ನುಂಗಿದ ಕ್ಲೋಜಪಿನ್‌ನ ಬಹುಪಾಲನ್ನು ಒಡೆದು ಹೊರಹಾಕುವುದು ಲಿವರ್‌ನಲ್ಲಿರುವ ಸಿವೈಪಿ1ಎ2 ಎಂಬ ಕಿಣ್ವ. ಎಲೆ ಸುಟ್ಟಾಗ ಹುಟ್ಟುವ ಹೊಗೆಯಲ್ಲಿ, ಟಾರಿನ ಜೊತೆ, ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ ಎಂಬ ರಾಸಾಯನಿಕಗಳಿರುತ್ತವೆ. ಇವು ಲಿವರ್ ತಲುಪಿದಾಗ ದೇಹ ಆ ಕಿಣ್ವವನ್ನು ಹೆಚ್ಚು ಹೆಚ್ಚಾಗಿ ತಯಾರಿಸತೊಡಗುತ್ತದೆ. ಕಣದಲ್ಲಿ ಆಳು ಹೆಚ್ಚಾದರೆ ರಾಶಿ ಬೇಗ ಕರಗುವ ಹಾಗೆ, ಸೇದುವವರ ದೇಹ ಮಾತ್ರೆಯನ್ನು ಬೇಗ ಕರಗಿಸುತ್ತದೆ. ಅದಕ್ಕೇ ದಿನವೂ ಸೇದುವವರಿಗೆ ಸೇದದವರಿಗಿಂತ ಹೆಚ್ಚು ಕ್ಲೋಜಪಿನ್ ಬೇಕಾಗುತ್ತದೆ, ವೈದ್ಯರು ಅವರ ಡೋಸನ್ನು ಹಂತಹಂತವಾಗಿ ಏರಿಸಿ ಅಲ್ಲಿಗೆ ತಂದಿರುತ್ತಾರೆ. ತಾವು ಹೊಗೆಗೂ ಸೇರಿಸಿ ಡೋಸ್ ಹೊಂದಿಸುತ್ತಿದ್ದೇವೆ ಎಂಬುದು ಎಷ್ಟೋ ಸಲ ಅವರ ಮನಸ್ಸಿಗೂ ಬಂದಿರುವುದಿಲ್ಲ.

ಇಲ್ಲಿ ಜನ ಸಾಮಾನ್ಯವಾಗಿ ತಪ್ಪು ತಿಳಿಯುವ ಸಂಗತಿಯೊಂದಿದೆ. ಕಿಣ್ವವನ್ನು ಹೆಚ್ಚಿಸುವುದು ನಿಕೋಟಿನ್ ಅಲ್ಲ, ಹೊಗೆ. ಆದ್ದರಿಂದ ಬೀಡಿ, ಸಿಗರೇಟು, ಚುಟ್ಟ, ಹುಕ್ಕಾ, ಬೀಡಿಯಲ್ಲಿ ತುಂಬಿ ಸೇದುವ ಗಾಂಜಾ ಇವೆಲ್ಲ ಒಂದು ಕಡೆ. ಹೊಗೆಸೊಪ್ಪು ಹಾಕಿದ ಎಲೆಯಡಿಕೆ, ಕಡ್ಡಿಪುಡಿ, ಗುಟ್ಕಾ, ಖೈನಿ, ನಶ್ಯ, ಔಷಧಿ ಅಂಗಡಿಯ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಇವೆಲ್ಲ ಇನ್ನೊಂದು ಕಡೆ. ಬೀಡಿ ಬಿಟ್ಟು ಗುಟ್ಕಾಕ್ಕೆ ಇಳಿದವನು ತಂಬಾಕು ಬಿಟ್ಟಿಲ್ಲ, ಬಾಯಿಯ ಕ್ಯಾನ್ಸರಿನ ದಾರಿ ಹಿಡಿದಿದ್ದಾನೆ, ಅದು ಸರಿ. ಆದರೆ ಲಿವರ್‌ನ ಲೆಕ್ಕದಲ್ಲಿ ಅವನು ಪೂರ್ತಿ ಬಿಟ್ಟವನೇ. "ಅವರೇನೂ ತಂಬಾಕು ಬಿಟ್ಟಿಲ್ಲ ಸಾರ್, ಬರೀ ಬೀಡಿ ಬಿಟ್ಟಿದ್ದಾರೆ" ಎಂದು ಮನೆಯವರು ವೈದ್ಯರಿಗೆ ಹೇಳಿದರೆ, ಅವರು ಮಹತ್ವದ ಸುದ್ದಿಯನ್ನೇ ಹೇಳಿದ ಹಾಗಾಯಿತು. ಅದನ್ನು ಮುಖ್ಯವಲ್ಲವೆಂದು ತಿಳಿದು ಹೇಳಿರುವುದಷ್ಟೇ ತೊಂದರೆ.

ಬಿಟ್ಟ ಮೇಲೆ ಕಿಣ್ವ ಎಷ್ಟು ಬೇಗ ಇಳಿಯುತ್ತದೆ? ಜರ್ಮನಿಯ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಪರೀತ ಸೇದುತ್ತಿದ್ದವರು ಒಮ್ಮೆಲೇ ನಿಲ್ಲಿಸಿದ ಮೇಲೆ ಈ ಕಿಣ್ವದ ಹೆಚ್ಚುವರಿ ಚಟುವಟಿಕೆ ಸುಮಾರು 39 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಿತ್ತು. ಅಂದರೆ ಮೂರನೆಯ ದಿನದ ಕೊನೆಗೆ ಕಾಲು ಭಾಗ ಉಳಿದಿರುತ್ತದೆ, ವಾರ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೋಗಿರುತ್ತದೆ. ಕ್ಲೋಜಪಿನ್ ಕೂಡ ಅಷ್ಟೇ ಬೇಗ ಏರುತ್ತದೆ. ಹೀಗಾಗಿ 'ಮುಂದಿನ ತಿಂಗಳು ಆಸ್ಪತ್ರೆಗೆ ಹೋದಾಗ ಹೇಳಿದರಾಯಿತು' ಎಂದುಕೊಂಡರೆ ಆ ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿಹೋಗಿರುತ್ತದೆ.

ಇದು ಪುಸ್ತಕದಲ್ಲಷ್ಟೇ ಇರುವ ಅಪಾಯವಲ್ಲ. ಅಮೆರಿಕದ ಒಂದು ಸರ್ಕಾರಿ ಮಾನಸಿಕ ಆಸ್ಪತ್ರೆ ತನ್ನ ಆವರಣದಲ್ಲಿ ಧೂಮಪಾನ ನಿಲ್ಲಿಸಿದಾಗ, ಅಲ್ಲಿ ಕ್ಲೋಜಪಿನ್ ತೆಗೆದುಕೊಳ್ಳುತ್ತಿದ್ದ 11 ಜನರ ರಕ್ತಮಟ್ಟವನ್ನು ಹಿಂದುಮುಂದು ಹೋಲಿಸಿ 2001ರಲ್ಲಿ ವರದಿ ಮಾಡಿದರು. ಸರಾಸರಿ ಏರಿಕೆ ಶೇ 70ಕ್ಕಿಂತ ಹೆಚ್ಚಿತ್ತು. ಅದಕ್ಕೂ ಮುಂಚೆ, 1990ರ ದಶಕದಲ್ಲೇ, ಧೂಮಪಾನ ಬಿಟ್ಟ ಮೇಲೆ ಫಿಟ್ಸ್ ಬಂದ ಕ್ಲೋಜಪಿನ್ ರೋಗಿಗಳ ವಿವರ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿತ್ತು.

ಒಂದು ಮನೆಯ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ದಾವಣಗೆರೆಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ, ನಲವತ್ತರ ಆಸುಪಾಸಿನ ವ್ಯಕ್ತಿ. ಬೇರೆ ಔಷಧಿಗಳು ಫಲ ಕೊಡದೆ ಕೊನೆಗೆ ಕ್ಲೋಜಪಿನ್‌ನಿಂದ ಚೇತರಿಸಿಕೊಂಡವನು. ಬೆಳಗ್ಗೆ 100 ಮಿಲಿಗ್ರಾಂ, ರಾತ್ರಿ 200, ಒಟ್ಟು 300. ದಿನಕ್ಕೊಂದು ಕಟ್ಟು ಬೀಡಿ. ರಕ್ತದಲ್ಲಿ ಕ್ಲೋಜಪಿನ್ ಮಟ್ಟ ಪ್ರತಿ ಮಿಲಿಲೀಟರಿಗೆ 400 ನ್ಯಾನೊಗ್ರಾಂ. ಈ ಔಷಧಿಗೆ ಸುಮಾರು 350 ನ್ಯಾನೊಗ್ರಾಂ ಇದ್ದರೆ ಕೆಲಸ ಮಾಡುವ ಸಾಧ್ಯತೆ ಹೆಚ್ಚು, 600 ದಾಟುತ್ತಿದ್ದಂತೆ ಅಡ್ಡಪರಿಣಾಮ ಮತ್ತು ಫಿಟ್ಸಿನ ಭಯ ಏರುತ್ತ ಹೋಗುತ್ತದೆ ಎಂದು ವೈದ್ಯರು ಲೆಕ್ಕವಿಡುತ್ತಾರೆ. ಅಂದರೆ 400 ಅವನಿಗೆ ಒಳ್ಳೆಯ ಜಾಗ.

ಸೋಮವಾರ ಗುರುಸ್ವಾಮಿಯಿಂದ ಮಾಲೆ ಹಾಕಿಸಿಕೊಂಡ. ಅಂದಿನಿಂದ ಬೀಡಿ ಮುಟ್ಟಿಲ್ಲ. ಡೋಸ್ ಹಾಗೆಯೇ 300. ಮುಂದಿನ ಸೋಮವಾರದ ಹೊತ್ತಿಗೆ ಅದೇ ಡೋಸಿನಲ್ಲಿ ರಕ್ತಮಟ್ಟ 600ರ ಹತ್ತಿರ ಬಂದಿರುತ್ತದೆ. ಮನೆಯಲ್ಲಿ ಕಾಣುವುದು ಏನು? ನಸುಕಿನ ತಣ್ಣೀರ ಸ್ನಾನಕ್ಕೆ ಎಬ್ಬಿಸಿದರೂ ಏಳುವುದಿಲ್ಲ. ಎದ್ದರೂ ಭಜನೆಯಲ್ಲಿ ಕೂತಲ್ಲೇ ತೂಕಡಿಕೆ. ದಿಂಬು ಜೊಲ್ಲಿನಿಂದ ತೊಯ್ದಿರುತ್ತದೆ. ನಮಸ್ಕಾರ ಮಾಡಿ ಎದ್ದು ನಿಂತರೆ ಕಣ್ಣು ಕತ್ತಲೆ. ಮಾತು ತೊದಲುತ್ತದೆ, ನಡಿಗೆ ಓಲಾಡುತ್ತದೆ. ಊಟದ ತಟ್ಟೆ ಹಿಡಿದಾಗ ಕೈ ಫಕ್ಕನೆ ಎಗರುತ್ತದೆ.

ಹೆಂಡತಿ ಇದನ್ನು ವ್ರತದ ಆಯಾಸವೆಂದು ತಿಳಿಯುವುದು ಸಹಜ. ಒಪ್ಪತ್ತು ಊಟ, ಬರಿಗಾಲು, ಚಳಿ, ಮುಂಜಾನೆಯ ಸ್ನಾನ, ಇಷ್ಟಿದ್ದರೆ ಯಾರಿಗಾದರೂ ಸುಸ್ತಾಗುತ್ತದೆ. ನೆಂಟರು "ಸ್ವಾಮಿ ಎಷ್ಟು ಶಾಂತವಾಗಿದ್ದಾರೆ ನೋಡಿ" ಎನ್ನಬಹುದು. ನನಗೆ ಅತಿ ಹೆಚ್ಚು ಆತಂಕ ಹುಟ್ಟಿಸುವುದು ಈ ಶಾಂತಿಯೇ. ಮೊದಲು ದಿಂಬು ಒದ್ದೆಯಾಗದವನಿಗೆ ಈಗ ಆಗುತ್ತಿದ್ದರೆ, ಮೊದಲು ಏಳು ಗಂಟೆಗೆ ಏಳುತ್ತಿದ್ದವನು ಹತ್ತಕ್ಕೂ ಏಳದಿದ್ದರೆ, ಅದು ಭಕ್ತಿಯ ಫಲವಲ್ಲ, ಮಾತ್ರೆ ಮೈಯಲ್ಲಿ ಹೆಚ್ಚಾಗಿರುವ ಗುರುತು. ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಜೊಲ್ಲು, ನಿದ್ದೆ ಸ್ವಲ್ಪ ಮಟ್ಟಿಗೆ ಯಾವಾಗಲೂ ಇರುತ್ತದೆ. ಆದ್ದರಿಂದ ಪಕ್ಕದ ಮನೆಯ ರೋಗಿಯ ಜೊತೆ ಹೋಲಿಸಬಾರದು, ಹೋದ ವಾರದ ಅವನ ಜೊತೆಗೇ ಹೋಲಿಸಬೇಕು.

ಈಗ ಅದೇ ಮನೆ, ಆದರೆ ಮಾಲೆಗೆ ಹತ್ತು ದಿನ ಮುಂಚೆ ಮನೋವೈದ್ಯರಿಗೆ ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ವೈದ್ಯರು ಮೊದಲು ಸೇದುತ್ತಿರುವಾಗಲೇ ಒಮ್ಮೆ ರಕ್ತಮಟ್ಟ ತೆಗೆಸುತ್ತಾರೆ. ಮಾಲೆ ಹಾಕಿದ ಮೇಲೆ ಬೆಳಗಿನ ಡೋಸಿನಿಂದ 25 ಮಿಲಿಗ್ರಾಂನಂತೆ ಕಳೆಯುತ್ತ ಬರುತ್ತಾರೆ: ಎರಡನೆಯ ದಿನ ಒಟ್ಟು 275, ನಾಲ್ಕನೆಯ ದಿನ 250, ಆರನೆಯ ದಿನ 225. ವಾರದಲ್ಲಿ ಡೋಸ್ ಮೂಲದ ಮುಕ್ಕಾಲಿಗೆ ಬಂದಿರುತ್ತದೆ. ಧೂಮಪಾನ ಬಿಡುವ ಕ್ಲೋಜಪಿನ್ ರೋಗಿಗಳಿಗೆ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದು ಹೀಗೆ ನಾಲ್ಕರಲ್ಲಿ ಒಂದು ಭಾಗದ ಇಳಿಕೆಯನ್ನೇ. ಬೆಳಗಿನದನ್ನು ಕಳೆದದ್ದರಿಂದ ಹಗಲಿನ ತೂಕಡಿಕೆಯೂ ಕಡಿಮೆ. ವಾರದ ಕೊನೆಗೆ ಒಮ್ಮೆ, ಹೊಸ ಡೋಸ್ ನೆಲೆನಿಂತ ಮೇಲೆ ಇನ್ನೊಮ್ಮೆ ರಕ್ತಮಟ್ಟ ನೋಡಿದರೆ 450ರ ಆಸುಪಾಸಿನಲ್ಲಿ ಸಿಗುತ್ತದೆ. 225 ಮಿಲಿಗ್ರಾಂ ನುಂಗಿಯೂ ಮೊದಲಿನ 300ರಷ್ಟೇ ಫಲ.

ಈ ಅಂಕಿಗಳನ್ನು ನೋಡಿ ಮನೆಯಲ್ಲೇ ಮಾತ್ರೆ ಮುರಿಯಲು ಹೋಗಬೇಡಿ. ಒಬ್ಬನಿಗೆ ಕಾಲು ಭಾಗ ಇಳಿಸಿದರೆ ಸಾಕು, ಇನ್ನೊಬ್ಬನಿಗೆ ಅರ್ಧ ಇಳಿಸಬೇಕಾಗಬಹುದು. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು: ನಿದ್ದೆ ಹೆಚ್ಚಾಯಿತೆಂದು ಹೆದರಿ ಕ್ಲೋಜಪಿನ್ ಪೂರ್ತಿ ನಿಲ್ಲಿಸುವುದು. ಒಮ್ಮೆಲೇ ನಿಲ್ಲಿಸಿದರೆ ರೋಗ ಉಗ್ರವಾಗಿ ಮರಳಬಹುದು. ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ ಹಳೆಯ ಡೋಸಿಗೆ ನೇರವಾಗಿ ಹೋಗುವಂತಿಲ್ಲ, 12.5 ಮಿಲಿಗ್ರಾಂನಿಂದ ಮೊದಲ ಮೆಟ್ಟಿಲು ಹತ್ತಬೇಕು.

ರಕ್ತಮಟ್ಟದ ಪರೀಕ್ಷೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಕ್ಲೋಜಪಿನ್ ಶುರುಮಾಡಿದವರು ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತ ಕೊಡುತ್ತಿರುತ್ತಾರೆ. ಆ ಪರೀಕ್ಷೆ ಬಿಳಿ ರಕ್ತಕಣಗಳ ಎಣಿಕೆ. ಔಷಧಿ ರಕ್ತದಲ್ಲಿ ಎಷ್ಟಿದೆ ಎಂದು ಅದು ಹೇಳುವುದಿಲ್ಲ. 'ರಕ್ತ ಪರೀಕ್ಷೆ ಚೆನ್ನಾಗಿದೆ ಅಂದಿದ್ದಾರೆ' ಎಂದು ನೆಮ್ಮದಿಯಿಂದಿರುವ ಮನೆಗಳಲ್ಲಿ ಕ್ಲೋಜಪಿನ್ ಮಟ್ಟವನ್ನು ಯಾರೂ ನೋಡಿರುವುದೇ ಇಲ್ಲ. ಅದು ಬೇರೆ ಪರೀಕ್ಷೆ, ಬೇರೆಯಾಗಿ ಬರೆಸಬೇಕು. ಎರಡನೆಯದು, ಅದಕ್ಕೆ ರಕ್ತ ತೆಗೆಯಬೇಕಾದದ್ದು ರಾತ್ರಿಯ ಮಾತ್ರೆ ನುಂಗಿದ 12 ಗಂಟೆಯ ನಂತರ, ಬೆಳಗಿನ ಮಾತ್ರೆ ನುಂಗುವ ಮುಂಚೆ. ಬೆಳಗಿನದು ನುಂಗಿ ಬಂದು ರಕ್ತ ಕೊಟ್ಟರೆ ಅಂಕಿ ಸುಮ್ಮನೆ ಹೆಚ್ಚಾಗಿ ಕಾಣುತ್ತದೆ. ಈ ಪರೀಕ್ಷೆ ಎಲ್ಲ ಊರಿನಲ್ಲಿ ಸಿಗುವುದಿಲ್ಲ. ಸಿಗದ ಕಡೆ ವೈದ್ಯರು ಲಕ್ಷಣ ನೋಡಿಯೇ ಇಳಿಸುತ್ತಾರೆ. ಆಗ ಮನೆಯವರು ಬರೆದಿಟ್ಟ ನಿದ್ದೆಯ ಲೆಕ್ಕವೇ ಅವರಿಗೆ ಆಧಾರ.

ಬಿಟ್ಟ ಚಡಪಡಿಕೆಯೋ, ಮಾತ್ರೆಯ ಮಂಪರೋ

ಬೀಡಿ ಬಿಟ್ಟವರಲ್ಲಿ ಮೊದಲ ಎರಡು ಮೂರು ದಿನ ಚಡಪಡಿಕೆ, ಸಿಟ್ಟು, ನಿದ್ದೆಗೇಡು, ಗಮನ ನಿಲ್ಲದಿರುವುದು ಇವೆಲ್ಲ ಜೋರಾಗಿರುತ್ತವೆ. ಇದು ನಿಕೋಟಿನ್ ಇಲ್ಲದ ಸಂಕಟ. ಆ ಮೇಲೆ ವಾರಗಳಲ್ಲಿ ತಣ್ಣಗಾಗುತ್ತದೆ. ಮಾತ್ರೆ ಹೆಚ್ಚಾದ ಲಕ್ಷಣಗಳ ದಿಕ್ಕು ಇದಕ್ಕೆ ವಿರುದ್ಧ: ಮೂರನೆಯ ದಿನದಿಂದ ಆರಂಭವಾಗಿ ದಿನದಿಂದ ದಿನಕ್ಕೆ ಮಂಪರು, ತೂರಾಟ, ಜೊಲ್ಲು, ಗೊಂದಲ ಹೆಚ್ಚುತ್ತ ಹೋಗುತ್ತವೆ. ಎರಡೂ ಒಂದರ ಮೇಲೊಂದು ಬಂದಾಗ ವೈದ್ಯರಿಗೂ ಗೊಂದಲವಾಗುತ್ತದೆ. ಚಡಪಡಿಕೆಯನ್ನು ರೋಗ ಮರುಕಳಿಸಿದ್ದೆಂದು ತಿಳಿದು ಡೋಸ್ ಏರಿಸಿದರೆ, ಏರುತ್ತಿರುವ ಮಟ್ಟದ ಮೇಲೆ ಇನ್ನಷ್ಟು ಸೇರಿಸಿದ ಹಾಗಾಗುತ್ತದೆ. ಆದ್ದರಿಂದ ಯಾವ ಲಕ್ಷಣ ಎಷ್ಟನೆಯ ದಿನ ಶುರುವಾಯಿತು ಎಂಬುದು, ಲಕ್ಷಣ ಏನು ಎಂಬಷ್ಟೇ ಮುಖ್ಯ.

ಚಡಪಡಿಕೆಗೆ ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಳಸಿದರೆ ಕ್ಲೋಜಪಿನ್ ಲೆಕ್ಕ ಕೆಡುವುದಿಲ್ಲ. ಅವುಗಳಲ್ಲಿ ಹೊಗೆಯಿಲ್ಲ, ಹಾಗಾಗಿ ಅವು ಕಿಣ್ವವನ್ನು ಏರಿಸುವುದೂ ಇಲ್ಲ. ಪ್ಯಾಚ್ ಹಾಕಿದ್ದಾರೆ ಎಂಬ ಕಾರಣಕ್ಕೆ ಕ್ಲೋಜಪಿನ್ ಇಳಿಸದೆ ಇರುವಂತಿಲ್ಲ ಎಂಬುದೂ ಇದರ ಅರ್ಥ. ಧೂಮಪಾನ ಬಿಡಿಸಲು ಕೊಡುವ ಬುಪ್ರೊಪಿಯಾನ್ ಎಂಬ ಮಾತ್ರೆಯ ವಿಷಯ ಬೇರೆ. ಅದು ಫಿಟ್ಸಿನ ಸಾಧ್ಯತೆಯನ್ನು ತಾನೇ ಹೆಚ್ಚಿಸುತ್ತದೆ, ಕ್ಲೋಜಪಿನ್ ಜೊತೆಗೆ ಅದನ್ನು ಕೇಳಿ ತೆಗೆದುಕೊಳ್ಳಬೇಡಿ.

ಕೆಲವು ಲಕ್ಷಣಗಳಿಗೆ ಅಪಾಯಿಂಟ್‌ಮೆಂಟ್ ಕಾಯುವಂತಿಲ್ಲ. ಕೈಕಾಲು ಪದೇ ಪದೇ ಎಗರುವುದು, ಫಿಟ್ಸ್, ಅಲುಗಾಡಿಸಿ ಕೂಗಿದರೂ ಸರಿಯಾಗಿ ಎಚ್ಚರವಾಗದಿರುವುದು, ಜೊಲ್ಲೋ ಅನ್ನವೋ ಗಂಟಲಲ್ಲಿ ಸಿಕ್ಕಿ ಕೆಮ್ಮಿ ಉಸಿರುಗಟ್ಟುವುದು, ನಿಂತೊಡನೆ ಬೀಳುವುದು. ಇನ್ನೊಂದನ್ನು ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಅದು ಮಲಬದ್ಧತೆ. ಕ್ಲೋಜಪಿನ್ ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ. ಹೊಟ್ಟೆ ಉಬ್ಬಿ, ನೋವು, ವಾಂತಿ ಬಂದು, ಮೂರು ದಿನದಿಂದ ಹೊರಗೆ ಹೋಗಿಲ್ಲವೆಂದರೆ ಅದೂ ತುರ್ತು, ಪ್ರಾಣಕ್ಕೇ ಕುತ್ತಾಗಬಲ್ಲದ್ದು. ಇಂಥ ಯಾವುದಿದ್ದರೂ ಮುಂದಿನ ಡೋಸ್ ಕೊಡುವ ಮುಂಚೆ ವೈದ್ಯರಿಗೆ ಫೋನ್ ಮಾಡಿ, ಸಿಗದಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಮಾತ್ರೆಯ ಪಟ್ಟಿ ಸಮೇತ ಹೋಗಿ.

ಲೋಟದಲ್ಲಿರುವ ಕಾಫಿ

ಕಾಫಿಯಲ್ಲಿನ ಕೆಫೀನನ್ನು ಒಡೆಯುವುದೂ ಇದೇ ಕಿಣ್ವ. ಮೇಲೆ ಹೇಳಿದ ಜರ್ಮನಿಯ ಅಧ್ಯಯನದಲ್ಲಿ ಕಿಣ್ವದ ಇಳಿಕೆಯನ್ನು ಅಳೆದದ್ದೂ ಕೆಫೀನ್ ಮೂಲಕವೇ. ಬೀಡಿ ಬಿಟ್ಟವನು ಮೊದಲಿನಷ್ಟೇ ಕಾಫಿ ಕುಡಿದರೆ ರಕ್ತದಲ್ಲಿ ಕೆಫೀನ್ ಸುಮಾರು ದ್ವಿಗುಣವಾಗುತ್ತದೆ. ಎದೆಬಡಿತ, ಕೈನಡುಕ, ನಿದ್ದೆ ಬಾರದಿರುವುದು ಇವನ್ನು ಜನ 'ಬೀಡಿ ಬಿಟ್ಟದ್ದಕ್ಕೆ' ಎಂದುಕೊಳ್ಳುತ್ತಾರೆ, ಅರ್ಧ ಕಾರಣ ಕಾಫಿಯೇ ಆಗಿರಬಹುದು. ಜೊತೆಗೆ ಕೆಫೀನ್ ಮತ್ತು ಕ್ಲೋಜಪಿನ್ ಒಂದೇ ಕಿಣ್ವಕ್ಕೆ ಪೈಪೋಟಿ ನಡೆಸುವುದರಿಂದ ಬಹಳ ಕಾಫಿ ಕುಡಿಯುವವರಲ್ಲಿ ಕ್ಲೋಜಪಿನ್ ಇನ್ನಷ್ಟು ಏರುತ್ತದೆ. ಮಂಪರು ಹೆಚ್ಚಾಯಿತೆಂದು ಗಟ್ಟಿ ಡಿಕಾಕ್ಷನ್ನಿನ ಕಾಫಿ ಮೇಲಿಂದ ಮೇಲೆ ಕೊಡುವುದು ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಆಗುವ ತಪ್ಪು. ದಿನಕ್ಕೆ ಆರು ಲೋಟ ಕುಡಿಯುತ್ತಿದ್ದರೆ ಬೀಡಿ ಬಿಡುವ ವಾರದಲ್ಲೇ ಮೂರಕ್ಕೆ ತನ್ನಿ, ಆಮೇಲೆ ಆ ಮೂರನ್ನು ದಿನವೂ ಒಂದೇ ಸಮನಾಗಿ ಇಟ್ಟುಕೊಳ್ಳಿ. ಒಂದು ದಿನ ಏಳು, ಇನ್ನೊಂದು ದಿನ ಸೊನ್ನೆ ಎಂದಾದರೆ ವೈದ್ಯರ ಡೋಸ್ ಲೆಕ್ಕ ನಿಲ್ಲುವುದಿಲ್ಲ.

ಒಮ್ಮೆಲೇ ಬಿಡದೆ ಕಡಿಮೆ ಮಾಡುತ್ತ ಬರುವವರಿಗೆ ಒಂದು ಮಾತು. ದಿನಕ್ಕೆ 7ರಿಂದ 12 ಸಿಗರೇಟು ಸೇದಿದರೇ ಕಿಣ್ವ ತನ್ನ ಗರಿಷ್ಠಕ್ಕೆ ಹತ್ತಿರ ಬಂದಿರುತ್ತದೆ. ಅದರ ಮೇಲೆ ಎಷ್ಟು ಸೇದಿದರೂ ಬಹಳ ವ್ಯತ್ಯಾಸವಿಲ್ಲ. ಆದ್ದರಿಂದ 25ರಿಂದ 12ಕ್ಕೆ ಇಳಿಸಿದಾಗ ಮಾತ್ರೆಯ ಮಟ್ಟ ಅಷ್ಟಾಗಿ ಕದಲುವುದಿಲ್ಲ. ಬದಲಾವಣೆಯೆಲ್ಲ ಕೊನೆಯ ಆ ಹತ್ತರ ಒಳಗೆ. 'ಅರ್ಧ ಕಡಿಮೆ ಮಾಡಿದಾಗ ಏನೂ ಆಗಲಿಲ್ಲ, ಪೂರ್ತಿ ಬಿಟ್ಟರೂ ಏನೂ ಆಗದು' ಎಂಬ ತರ್ಕ ಇಲ್ಲಿ ಕೈಕೊಡುತ್ತದೆ.

ಮಾಲೆ ತೆಗೆದ ಮೇಲೆ

ನಮ್ಮ ಉದಾಹರಣೆಯ ಮನೆಗೆ ಮರಳೋಣ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದಾಗಿದೆ. ಗಿರಣಿಯ ಗೆಳೆಯರು ಮೊದಲ ದಿನವೇ ಬೀಡಿ ಚಾಚುತ್ತಾರೆ. ಅವನು ಮತ್ತೆ ಕಟ್ಟಿಗೆ ಮರಳಿದರೆ ಏನಾಗುತ್ತದೆ? ಡೋಸ್ ಈಗ 225. ಕಿಣ್ವ ಕೆಲವು ದಿನಗಳಿಂದ ಒಂದೆರಡು ವಾರಗಳ ಒಳಗೆ ಮತ್ತೆ ತುಂಬಿಕೊಳ್ಳುತ್ತದೆ. 450 ಇದ್ದ ಮಟ್ಟ 300ಕ್ಕೆ ಇಳಿಯುತ್ತದೆ, ಅಂದರೆ 350ರ ಕೆಳಗೆ.

ಏರುವಾಗ ಆದಂತೆ ಇದು ಎದ್ದು ಕಾಣುವುದಿಲ್ಲ. ಮೊದಲ ಕೆಲವು ದಿನ ಎಲ್ಲವೂ ಚೆನ್ನಾಗಿಯೇ ಇದೆ ಅನಿಸುತ್ತದೆ: ನಿದ್ದೆ ಕಡಿಮೆ, ಚುರುಕು ಹೆಚ್ಚು, ಜೊಲ್ಲು ನಿಂತಿದೆ. ಆಮೇಲೆ ರಾತ್ರಿ ಎರಡಕ್ಕೆ ಎಚ್ಚರವಾಗಿ ಹೊರಗೆ ಓಡಾಡುವುದು, ಊಟದಲ್ಲಿ ಏನೋ ಹಾಕಿದ್ದಾರೆಂಬ ಅನುಮಾನ, ಒಬ್ಬನೇ ಇದ್ದಾಗ ಗೊಣಗುವುದು. ರೋಗ ಮರುಕಳಿಸುವ ಹೊತ್ತಿಗೆ ಮಾಲೆ ತೆಗೆದು ತಿಂಗಳಾಗಿರುತ್ತದೆ. ಬೀಡಿಗೂ ಇದಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಮಾತ್ರೆ ತಪ್ಪಿಸಿದ್ದಾನೆ ಎಂದು ಮನೆಯವರು ಅವನನ್ನೇ ಗದರುತ್ತಾರೆ. ದಿನವೂ ತಪ್ಪದೆ ನುಂಗಿದವನಿಗೆ ಅದಕ್ಕಿಂತ ನೋವಿನ ಮಾತಿಲ್ಲ.

ಇದಕ್ಕೆ ಪರಿಹಾರ ಬಂದ ದಾರಿಯಲ್ಲೇ ಹಿಂದೆ ಹೋಗುವುದು. ಮತ್ತೆ ದಿನವೂ ಸೇದುವುದು ಶುರುವಾಗಿದೆ ಎಂದು ಖಚಿತವಾದರೆ ವೈದ್ಯರು ಒಮ್ಮೆ ರಕ್ತಮಟ್ಟ ತೆಗೆಸಿ, ವಾರದಲ್ಲಿ ಹಂತಹಂತವಾಗಿ ಹಳೆಯ 300ಕ್ಕೆ ಏರಿಸಿ, ವಾರದ ನಂತರ ಮತ್ತೆ ನೋಡುತ್ತಾರೆ. ಹಬ್ಬದ ದಿನ ಒಂದೆರಡು ಬೀಡಿ ಸೇದಿದ್ದಕ್ಕೆ ಡೋಸ್ ಏರಿಸಬೇಕಿಲ್ಲ. ಆದರೆ ಅವನು ಮುಚ್ಚಿಡುವಂತಾಗಬಾರದು. ಬೈಗುಳಕ್ಕೆ ಹೆದರಿ 'ಸೇದುತ್ತಿಲ್ಲ' ಎಂದರೆ ವೈದ್ಯರು ಸುಳ್ಳು ಲೆಕ್ಕದ ಮೇಲೆ ಔಷಧಿ ಕೊಡುತ್ತಾರೆ. ವ್ರತ ಮುರಿದ ಪ್ರಶ್ನೆ ಬೇರೆ, ಡೋಸಿನ ಪ್ರಶ್ನೆ ಬೇರೆ. ಈ ಎರಡನ್ನೂ ಒಂದೇ ಮಾತಿನಲ್ಲಿ ಬೆರೆಸದಿರುವ ಹೆಂಡತಿ, ಅಣ್ಣ, ಅಮ್ಮ ಇದ್ದ ಮನೆಯಲ್ಲಿ ರೋಗಿ ನಿಜ ಹೇಳುತ್ತಾನೆ. ಅವನು ಬಿಟ್ಟದ್ದನ್ನು ಬಿಟ್ಟೇ ಇರಲು ಬಯಸಿದರೆ, 225 ಮಿಲಿಗ್ರಾಂನಲ್ಲೇ ಮುಂದುವರಿಯಬಹುದು. ಸಹಾಯಕ್ಕೆ 1800-11-2356 ಎಂಬ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಇದೆ.

ಆಸ್ಪತ್ರೆಯಲ್ಲಿ ಇದೇ ಕತೆ ತಲೆಕೆಳಗಾಗಿ ನಡೆಯುತ್ತದೆ. ವಾರ್ಡಿನಲ್ಲಿ ಸೇದುವಂತಿಲ್ಲ, ಹಾಗಾಗಿ ದಾಖಲಾದ ದಿನವೇ ರೋಗಿ ಧೂಮಪಾನ ಬಿಟ್ಟವನಾಗುತ್ತಾನೆ. ಮೂರು ವಾರ ಅಲ್ಲಿ ಸರಿಯಾಗಿ ಹೊಂದಿಸಿದ ಡೋಸ್ ಸೇದದ ದೇಹಕ್ಕೆ ಹೊಂದಿಸಿದ್ದು. ಬಿಡುಗಡೆಯಾಗಿ ಬಸ್‌ಸ್ಟ್ಯಾಂಡಿನಲ್ಲೇ ಬೀಡಿ ಹಚ್ಚಿದರೆ ಆ ಡೋಸ್ ಒಂದೆರಡು ವಾರದಲ್ಲಿ ಸಾಲದಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ 'ಈ ಡೋಸ್ ಧೂಮಪಾನವಿಲ್ಲದಾಗಿನದು' ಎಂದು ಒಂದು ಸಾಲು ಬರೆಸಿಕೊಳ್ಳಿ, ಮುಂದಿನ ವೈದ್ಯರಿಗೆ ಅದು ತುಂಬಾ ಉಪಯೋಗ.

ಜ್ವರ ಬಂದಾಗ ಎರಡು ಕಾರಣ ಒಟ್ಟಿಗೆ ಕೂಡುತ್ತವೆ. ಎದೆಯ ಸೋಂಕು, ನ್ಯುಮೋನಿಯದಂಥ ಕಾಯಿಲೆಯಲ್ಲಿ ದೇಹದ ಉರಿಯೂತವೇ ಈ ಕಿಣ್ವವನ್ನು ತಗ್ಗಿಸುತ್ತದೆ. ಕೆಮ್ಮಿಗೆ ಬೀಡಿಯೂ ನಿಲ್ಲುತ್ತದೆ. ಅದರ ಮೇಲೆ ಯಾರಾದರೂ ಸಿಪ್ರೊಫ್ಲಾಕ್ಸಸಿನ್ ಬರೆದರೆ, ಅದೂ ಇದೇ ಕಿಣ್ವವನ್ನು ತಡೆಯುತ್ತದೆ. ಖಿನ್ನತೆ, ಗೀಳುರೋಗಗಳಿಗೆ ಕೊಡುವ ಫ್ಲುವೋಕ್ಸಮೀನ್ ಕೂಡ ಹಾಗೆಯೇ, ಇನ್ನೂ ಬಲವಾಗಿ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ ಬಂದರೆ ಎರಡು ಕಾರಣಕ್ಕೆ ಅದೇ ದಿನ ವೈದ್ಯರನ್ನು ಕಾಣಬೇಕು: ಬಿಳಿ ರಕ್ತಕಣ ಕುಸಿದಿದೆಯೇ ನೋಡಲು, ಮತ್ತು ಔಷಧಿಯ ಮಟ್ಟ ಏರಿದೆಯೇ ನೋಡಲು.

ಬೇರೆ ಮಾತ್ರೆಗಳ ವಿಷಯ

ಓಲಾನ್ಜಪಿನ್‌ಗೂ ಇದೇ ನಿಯಮ, ಆದರೆ ಅದು ಇನ್ನೊಂದು ದಾರಿಯಲ್ಲೂ ದೇಹದಿಂದ ಹೊರಹೋಗುವುದರಿಂದ ಏರಿಳಿತ ಕ್ಲೋಜಪಿನ್‌ನಷ್ಟು ಅಪಾಯಕಾರಿಯಲ್ಲ. ನಿದ್ದೆ, ಹಸಿವು, ತಲೆಸುತ್ತು ಹೆಚ್ಚಬಹುದು. ವೈದ್ಯರು ಅದನ್ನೂ ಸುಮಾರು ಕಾಲು ಭಾಗ ಇಳಿಸುವ ಯೋಚನೆ ಮಾಡುತ್ತಾರೆ. ರಿಸ್ಪೆರಿಡೋನ್, ಕ್ವೆಟಿಯಪಿನ್, ಅರಿಪಿಪ್ರಜೋಲ್ ಬೇರೆ ಕಿಣ್ವಗಳ ಪಾಲಿಗೆ ಸೇರಿದವು, ಬೀಡಿ ಬಿಟ್ಟ ಕಾರಣಕ್ಕೆ ಅವುಗಳ ಡೋಸ್ ಬದಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಡಯಾಜೆಪಾಮ್‌ನಂಥ ನಿದ್ದೆ, ಆತಂಕದ ಮಾತ್ರೆಗಳಲ್ಲಿ ಇನ್ನೊಂದು ಬಗೆಯ ಸಂಬಂಧವಿದೆ. ಅಮೆರಿಕದ ಬಾಸ್ಟನ್ನಿನ ಸಂಶೋಧಕರು 1973ರಲ್ಲೇ ಗಮನಿಸಿದ್ದು, ಬಹಳ ಸೇದುವವರಲ್ಲಿ ಈ ಮಾತ್ರೆಗಳಿಂದ ತೂಕಡಿಕೆ ಕಡಿಮೆ ಎಂದು. ಇದಕ್ಕೆ ಹೆಚ್ಚಾಗಿ ಕೊಡುವ ವಿವರಣೆ ಕಿಣ್ವದ್ದಲ್ಲ. ನಿಕೋಟಿನ್ ಮೆದುಳನ್ನು ಎಬ್ಬಿಸಿಡುತ್ತದೆ, ಮಾತ್ರೆ ಅದನ್ನು ಮಲಗಿಸಲು ನೋಡುತ್ತದೆ. ಹಾಗಾಗಿ ಕ್ಲೋಜಪಿನ್ ಜೊತೆಗೆ ರಾತ್ರಿ ಇಂಥದ್ದೊಂದು ಮಾತ್ರೆಯೂ ಇದ್ದರೆ, ಬೀಡಿ ಬಿಟ್ಟ ವಾರದಲ್ಲಿ ಎರಡರ ಮಂಪರೂ ಸೇರಿಕೊಳ್ಳಬಹುದು. ವೈದ್ಯರಿಗೆ ಹೇಳುವಾಗ ಆ ಮಾತ್ರೆಯ ಹೆಸರನ್ನೂ ಹೇಳಿ. ಲಾರಿ, ಆಟೊ, ಟ್ರ್ಯಾಕ್ಟರ್ ಓಡಿಸುವವರು ಆ ವಾರ ಸ್ಟೇರಿಂಗ್ ಹಿಡಿಯದಿರುವುದು ಕ್ಷೇಮ.

ಫೋನಿನಲ್ಲಿ ಹೇಳಬೇಕಾದದ್ದು ಹೆಚ್ಚೇನಿಲ್ಲ. "ಸಾರ್, ಇವರು ಕ್ಲೋಜಪಿನ್ ಬೆಳಗ್ಗೆ ನೂರು, ರಾತ್ರಿ ಇನ್ನೂರು ತಗೊಳ್ತಿದ್ದಾರೆ. ದಿನಕ್ಕೊಂದು ಕಟ್ಟು ಬೀಡಿ ಸೇದ್ತಿದ್ರು. ಬರೋ ಸೋಮವಾರ ಮಾಲೆ ಹಾಕ್ತಾರೆ, ಅವತ್ತಿಂದ ಬಿಡ್ತಾರೆ. ಕಾಫಿ ದಿನಕ್ಕೆ ಐದು ಲೋಟ. ಡೋಸ್ ಏನು ಮಾಡೋದು, ರಕ್ತ ಯಾವತ್ತು ಕೊಡೋದು?" ನಿಮ್ಮ ವೈದ್ಯರು ಸಿಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಇದೇ ಮಾತುಗಳನ್ನು ಹೇಳಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.